ಖರ್ಚಿಲ್ಲದ ಕಂತಿಗೆ ೩೮೧ ರೂಪಾಯಿ

ನನ್ನ ಹೆಂಡತಿಯ ತಮ್ಮ ಪಂಢರಿ ಭಾಲ್ಕಿಯ ಅಂಗಡಿಯಲ್ಲಿ ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಹದಿನೆಂಟು ಸಾವಿರದ ಫೋನು ಕೊಂಡ. ನೋ ಕಾಸ್ಟ್ ಇಎಂಐ, ತಿಂಗಳಿಗೆ ಮೂರು ಸಾವಿರದಂತೆ ಆರು ಕಂತು, ಕೊಡುವವನು ಅವನೇ. ಮೊದಲ ತಿಂಗಳೇ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ೨೭೬ ರೂಪಾಯಿ ಹೆಚ್ಚಿಗೆ ಬಂತು. ಅದನ್ನೂ ಕೊಡು ಎಂದರೆ ನಕ್ಕ.

"ಖರ್ಚಿಲ್ಲ ಅಂತ ಬೋರ್ಡ್ ಹಾಕ್ಯಾರ. ಕಾರ್ಡಿನ ಬಾಡಿಗಿ ತಗೋತೀರೇನ್ರಿ ಮಾಮಾ?"

ಅಷ್ಟಕ್ಕೇ ಬಿಡಲಿಲ್ಲ. ನಮ್ಮೂರು ಖಟಕ ಚಿಂಚೋಳಿಯ ಚಹಾದ ಹೋಟೆಲಿನಲ್ಲೂ ಅದನ್ನೇ ಹೇಳಿದ. ಮರುದಿನವೇ ಅವನನ್ನು ಅಂಗಡಿಗೆ ಎಳೆದೊಯ್ದು ಬಿಲ್ಲು, ಸ್ಟೇಟ್‌ಮೆಂಟು ಎರಡನ್ನೂ ಮೇಜಿನ ಮೇಲೆ ಬಡಿದೆ.

ಅಂಗಡಿಯ ಅಮಿತಕುಮಾರ ಬಿಲ್ಲಿನ ಮೇಲೆ ಬೆರಳಿಟ್ಟ. "ಬ್ಯಾಂಕಿನ ಬಡ್ಡಿ ೮೧೨ ರೂಪಾಯಿರಿ. ಅಷ್ಟೂ ಡಿಸ್ಕೌಂಟ್ ಕೊಟ್ಟೀವಿ. ಕಾರ್ಡಿಗೆ ಹಾಕಿದ್ದು ೧೭,೧೮೮."

"ಮತ್ತ ಈ ೨೭೬?" ಎಂದೆ.

"ಪ್ರೊಸೆಸಿಂಗ್ ಫೀ ೧೯೯, ಅದರ ಜಿಎಸ್‌ಟಿ ೩೬. ಈ ತಿಂಗಳ ಬಡ್ಡಿ ಮ್ಯಾಲಿನ ಜಿಎಸ್‌ಟಿ ೪೧. ಉಳಿದ ಐದು ತಿಂಗಳದಾಗ ಇನ್ನ ೧೦೫ ಬರ್ತದ. ಅದು ಬ್ಯಾಂಕಿನದ್ರಿ, ನಮ್ದಲ್ಲ."

"ಬೋರ್ಡಿನ್ಯಾಗ ಯಾಕ ಬರದಿಲ್ಲ?"

"ಬರದೀವಲ್ರಿ, ಕೆಳಗ."

ಬರೆದಿದ್ದರು, ಇರುವೆ ಓದುವಷ್ಟು ಸಣ್ಣಗೆ.

ಪಂಢರಿ ಮುಖ ಸೊಟ್ಟ ಮಾಡಿಕೊಂಡು ಪೂರಾ ೩೮೧ ಎಣಿಸಿಕೊಟ್ಟ. ನಾನು ಬಿಡಲಿಲ್ಲ. ನನ್ನ ಹೆಸರು ಕೆಡಿಸಿದ ಹೋಟೆಲಿನಲ್ಲೇ ಅವನಿಂದ ಆ ಲೆಕ್ಕ ಓದಿಸಿದೆ. ಎಲ್ಲರೂ ಅಂಗಡಿಯವನಿಗೆ ಬೈದರು. ಆಮೇಲೆ ಬೈದವರಲ್ಲೊಬ್ಬ ನನ್ನತ್ತ ಸರಿದು ಕೂತ.

"ಬರೇ ೩೮೧ ಅಂದ್ರ ಸಸ್ತಾ ಆತಲ್ರಿ. ಆ ಕಾರ್ಡ್ ನನಗೂ ಒಮ್ಮಿ ಕೊಡ್ತೀರೇನ್ರಿ?"