ಮೊಣಕೈಗೊಂದು ಕ್ರೀಮು

ಬ್ಯಾರಂಕಿಯಾ ನಗರದಲ್ಲಿ ಮನೆಮನೆಗೆ ಹೋಗಿ ಸೌಂದರ್ಯದ ಸಾಮಾನು ಮಾರುವ ಯೆಸೆನಿಯಾಗೆ ಆ ದಿನದ ತರಬೇತಿಯಲ್ಲಿ ಸಿಟ್ಟು ನೆತ್ತಿಗೇರಿತು. ಕಂಪನಿಯ ಲೊರೇನಾ ಹೊಸ ಕ್ರೀಮು ಮಾರುವ ಬಗೆ ಹೇಳಿಕೊಡುತ್ತಿದ್ದಳು.

"ಮೊದಲೇ ಡಬ್ಬಿ ತೋರಿಸ್ಬೇಡಿ. ಮೊಣಕೈ ನೋಡಿ, 'ಯಾವಾಗಿಂದ ಹೀಗೆ ಕಪ್ಪಾಗಿದೆ?' ಅಂತ ಕೇಳಿ ಸುಮ್ಮನಾಗಿ. ಆಮೇಲೆ ಅವರೇ ಕೇಳ್ತಾರೆ."

ಯೆಸೆನಿಯಾ ಕನ್ನಡಕ ಹಾಕಿಕೊಂಡು ಡಬ್ಬಿ ತಿರುಗಿಸಿದಳು. "ನೂರಕ್ಕೆ ತೊಂಬತ್ತು ಹೆಂಗಸರ ಬಣ್ಣ ತಿಳಿಯಾಯ್ತು ಅಂತ ಮುಂದಿದೆ. ಹಿಂದೆ ಸಣ್ಣಕ್ಷರದಲ್ಲಿ ನೋಡಿ, ಕೇಳಿದ್ದು ಮೂವತ್ತೇ ಜನರನ್ನ. ಅವರಿಗೆ ಹಾಗನ್ನಿಸ್ತಂತೆ ಅಷ್ಟೇ, ಯಾರೂ ಅಳೆದಿಲ್ಲ."

"ಚರ್ಮದ ಡಾಕ್ಟರು ಪರೀಕ್ಷೆ ಮಾಡಿದಾರಲ್ಲ," ಎಂದಳು ಲೊರೇನಾ.

"ಉರಿ, ತುರಿಕೆ ಬರುತ್ತಾ ಅಂತ ನೋಡಿರ್ತಾರೆ. ಅದರಿಂದ ಬಣ್ಣ ಬದಲಾಗುತ್ತೆ ಅಂತ ಆಗಲ್ಲ."

"ನೀನು ಮಾರೋಕೆ ಬಂದಿದೀಯೋ, ಪಾಠ ಮಾಡೋಕೋ?" ಎಂದು ಜೊತೆಯ ಮಾರಾಟಗಾರ್ತಿ ನೂರ್ಬಿಸ್ ಕೇಳಿದಳು. ಎಲ್ಲರೂ ನಕ್ಕರು.

ಮರುವಾರ ಯೆಸೆನಿಯಾ ತನ್ನ ಹಳೆಯ ಗಿರಾಕಿ ದಿಲ್ಸಾಳ ಮನೆಗೆ ಹೋದಳು. ಸದಾ ತೋಳಿಲ್ಲದ ಅಂಗಿಯಲ್ಲಿ ಬಾಗಿಲ ಬಳಿ ಕೂತು ಹರಟುತ್ತಿದ್ದ ದಿಲ್ಸಾ ಆ ಸೆಕೆಯಲ್ಲೂ ಉದ್ದತೋಳಿನ ಅಂಗಿ ತೊಟ್ಟಿದ್ದಳು.

"ಮೊಣಕೈ ಕಪ್ಪಾಗಿದೆ ಅಂತ ನೂರ್ಬಿಸ್ ಬಂದು ಹೇಳಿದ್ಲು, ಅವಳ ಹತ್ರ ಕ್ರೀಮೂ ತಗೊಂಡೆ. ಇಷ್ಟು ವರ್ಷ ನೀನ್ಯಾಕೆ ಹೇಳ್ಲಿಲ್ಲ?"

"ಮೊಣಕೈ ಎಲ್ಲರದ್ದೂ ಸ್ವಲ್ಪ ಕಪ್ಪಿರುತ್ತೆ ಕಣೇ. ಅದು ಕಾಯಿಲೆಯಲ್ಲ." ಯೆಸೆನಿಯಾ ತನ್ನದನ್ನೇ ತೋರಿಸಿದಳು.

ದಿಲ್ಸಾ ಅದನ್ನು ದಿಟ್ಟಿಸಿ ನೋಡಿದಳು. "ಹಾಗಾದ್ರೆ ನೀನೂ ಒಂದು ಡಬ್ಬಿ ಇಟ್ಕೋ," ಎಂದಳು, ನಿಜವಾದ ಕನಿಕರದಿಂದ.