ಬಿಳಿ ಕಲ್ಲಿನ ಡಬ್ಬಿ

ನಿಪ್ಪಾಣಿಯ ತಂಬಾಕು ವ್ಯಾಪಾರಿ ಭಾವುಸಾಹೇಬರು ಏಳು ವರ್ಷದಲ್ಲಿ ಮುನ್ನೂರ ಹನ್ನೊಂದು ಸಲ ಸೋತಿದ್ದರು. ಸೋಲಿಸಿದವರು ಒಬ್ಬರೇ, ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಧರಣೇಂದ್ರ. ಯಂತ್ರ ಕಲಿಯಲು ಆರು ತಿಂಗಳು ಜಪಾನಿಗೆ ಹೋದ ಈ ಮಹಾಶಯರು ಬರುವಾಗ ರೇಡಿಯೋ ತರುವುದು ಬಿಟ್ಟು ಮಣೆಯಂಥ ಒಂದು ದಪ್ಪ ಹಲಗೆ, ಕರಿ ಕಲ್ಲು, ಬಿಳಿ ಕಲ್ಲು ಹೊತ್ತು ತಂದಿದ್ದರು. ಆಟದ ಹೆಸರು ಗೋ. ಊರಲ್ಲಿ ಅದನ್ನು ಕಲಿಯಲು ಒಪ್ಪಿದ ಪುಣ್ಯಾತ್ಮರು ಭಾವುಸಾಹೇಬರು ಮಾತ್ರ.

ಗೆರೆ ಕೂಡುವಲ್ಲಿ ಒಬ್ಬರಾದ ಮೇಲೆ ಒಬ್ಬರು ಕಲ್ಲಿಡಬೇಕು, ಜಾಗ ಸುತ್ತುವರಿಯಬೇಕು. ಪೂರ್ತಿ ಮುತ್ತಿಗೆ ಬಿದ್ದ ಕಲ್ಲನ್ನು ಎತ್ತಿಡುತ್ತಾರೆ. ಗುಂಪಿನ ಒಳಗೆ ಎರಡು ಬೇರೆಬೇರೆ ಖಾಲಿ ಕಣ್ಣುಗಳಿದ್ದರೆ ಅದು ಬದುಕಿತು, ಇಲ್ಲವಾದರೆ ಅದರ ಜೀವ ತೂಗುಯ್ಯಾಲೆ. ಸುತ್ತುವರಿದ ಒಂದೊಂದು ಖಾಲಿ ಜಾಗವೂ ಒಂದು ಮನೆ, ಎತ್ತಿದ ಒಂದೊಂದು ಕಲ್ಲೂ ಒಂದು ಮನೆ, ಹೆಚ್ಚು ಮನೆಯವರು ಗೆದ್ದಂತೆ. ಇಷ್ಟೇ ಆಟ. ಆದರೆ ಭಾವುಸಾಹೇಬರದು ಜೈನ ಮನೆತನದ ಮೆತ್ತನೆ ಮನಸ್ಸು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ. ಕರಿ ಕಲ್ಲು ಇವರ ಪಾಲಿನದು, ಮತ್ತು ತಮ್ಮ ಒಂದು ಕಲ್ಲಿಗೆ ಕೇಡು ಬಂತೆಂದರೆ ಅದನ್ನೇ ಉಳಿಸಲು ಓಡುತ್ತಿದ್ದರು. ಅಷ್ಟರಲ್ಲಿ ಧರಣೇಂದ್ರರು ಉಳಿದ ಅರ್ಧ ಹಲಗೆ ನುಂಗಿರುತ್ತಿದ್ದರು. ಅವರೂ ಜೈನರೇ. ಆದರೆ ಕಲ್ಲು ಸತ್ತಿತು ಎನ್ನದೆ ಮೋಕ್ಷಕ್ಕೆ ಹೋಯಿತು ಎಂದು ಹೇಳಿ ನಿಶ್ಚಿಂತೆಯಿಂದ ಎತ್ತಿಡುತ್ತಿದ್ದರು.

ಈಗ ಧರಣೇಂದ್ರರಿಗೆ ಅಥಣಿ ಕಡೆಯ ಕಾರ್ಖಾನೆಗೆ ವರ್ಗವಾಗಿತ್ತು. ಸೋಮವಾರ ಬೆಳಿಗ್ಗೆ ಟ್ರಕ್ಕು. ಭಾನುವಾರ ಕೊನೆಯ ಆಟ, ಅದಕ್ಕೊಂದು ಪೈಜು. ಭಾವುಸಾಹೇಬರು ಗೆದ್ದರೆ ಹಲಗೆ ನಿಪ್ಪಾಣಿಯಲ್ಲೇ ಉಳಿಯುತ್ತದೆ, ಸೋತರೆ ಅಥಣಿಗೆ ಹೋಗುತ್ತದೆ. ಹೊತ್ತು ಮುಳುಗುವ ಮೊದಲು ಆಟ ಮುಗಿಯದಿದ್ದರೂ ಅಥಣಿಗೇ. ಮುಳುಗಿದ ಮೇಲೆ ಇಬ್ಬರೂ ಊಟ ಮಾಡುವವರಲ್ಲ, ಆದ್ದರಿಂದ ಈ ಗಡುವಿನ ಬಗ್ಗೆ ಚರ್ಚೆಯೇ ಇರಲಿಲ್ಲ.

ಆ ಹಲಗೆ ಇಲ್ಲದ ಭಾನುವಾರ ಹೇಗಿರುತ್ತದೆಂದು ನೆನೆಸಿಕೊಂಡರೆ ಭಾವುಸಾಹೇಬರಿಗೆ ಎದೆ ಬರಿದಾಗುತ್ತಿತ್ತು. ಬೆಳಿಗ್ಗೆಯೇ ಬಸದಿಗೆ ಹೋಗಿ, ಕಲ್ಲಿನ ಗೆಲುವು ಬೇಡುವುದು ಸರಿಯೋ ತಪ್ಪೋ ತಿಳಿಯದೆ, ಸುಮ್ಮನೆ ನಿಂತು ಬಂದಿದ್ದರು.

ಸಂಜೆ ಐದೂವರೆಗೆ, ಅವರ ಗೋದಾಮಿನ ಜಗುಲಿಯ ಮೇಲೆ, ಆಟ ಗಂಟು ಬಿದ್ದಿತ್ತು. ನಡುವೆ ಭಾವುಸಾಹೇಬರ ಒಂಬತ್ತು ಕರಿ ಕಲ್ಲು ಕಣ್ಣಿಲ್ಲದೆ ಅಲೆಯುತ್ತಿದ್ದವು. ಎಡಕ್ಕೆ ಧರಣೇಂದ್ರರ ಎಂಟು ಬಿಳಿ ಕಲ್ಲಿಗೆ ಒಂದೇ ಕಣ್ಣು. ಬಲಗಡೆಯ ಕೆಳ ಮೂಲೆಯಲ್ಲಿ ಕೋ ಹುಟ್ಟಿತ್ತು. ಕೋ ಅಂದರೆ ಒಂದೇ ಕಲ್ಲಿನ ಜಗಳ. ಇವರು ಅವರ ಒಂದು ಕಲ್ಲು ಎತ್ತುತ್ತಾರೆ, ಅವರು ತಿರುಗಿ ಇವರದು ಎತ್ತುತ್ತಾರೆ, ಹೀಗೇ ಪ್ರಳಯದವರೆಗೆ. ಅದಕ್ಕೇ ನಿಯಮವಿದೆ: ತಕ್ಷಣ ತಿರುಗಿ ಎತ್ತುವಂತಿಲ್ಲ. ಮೊದಲು ಬೇರೆಲ್ಲಾದರೂ ಒಂದು ಬೆದರಿಕೆ ಹಾಕಬೇಕು. ಎದುರಿನವರು ಅದಕ್ಕೆ ಉತ್ತರಿಸಿದರೆ ಆಮೇಲೆ ಕೋ ಎತ್ತಬಹುದು. ಉತ್ತರಿಸದಿದ್ದರೆ ಅವರು ಅಲ್ಲಿ ಕಲ್ಲಿಟ್ಟು ಕೋ ಮುಚ್ಚುತ್ತಾರೆ, ನೀವು ಬೆದರಿಸಿದ್ದನ್ನು ಮಾಡಿ ತೋರಿಸುತ್ತೀರಿ. ಈ ಕೋ ಗೆದ್ದವರಿಗೆ ಇಡೀ ಮೂಲೆ, ಹೆಚ್ಚುಕಡಿಮೆ ಮೂವತ್ತು ಮನೆಯ ಲಾಭ.

ಮೊದಲು ಎತ್ತುವ ಸರದಿ ಭಾವುಸಾಹೇಬರದು. ಬೇರೆ ದಿನವಾಗಿದ್ದರೆ ಹಸಿದವರು ತಾಟಿಗೆ ಕೈ ಹಾಕಿದ ಹಾಗೆ ಹಾಕುತ್ತಿದ್ದರು. ಇವತ್ತು ಕೈ ಹಿಂದೆ ಕಟ್ಟಿ ಎಣಿಸಿದರು. ನಡುವಿನ ಒಂಬತ್ತರ ಮೇಲೆ ಧರಣೇಂದ್ರರಿಗೆ ನಾಲ್ಕು ಬೆದರಿಕೆ. ಎಡದ ಎಂಟರ ಮೇಲೆ ತಮಗೆ ಮೂರು. ಈಗಲೇ ಕೋ ಎತ್ತಿದರೆ ಅವರ ನಾಲ್ಕಕ್ಕೆ ತಮ್ಮ ಮೂರು ಸಾಲದು.

ಹೊತ್ತು ಅಂಗಳದಲ್ಲಿ ಪೇರಿಸಿದ್ದ ತಂಬಾಕಿನ ಮೂಟೆಗಳ, ಆ ದಪ್ಪ ಬೋದುಗಳ ಮೇಲೆ ಇಳಿಯುತ್ತಿತ್ತು. ಧರಣೇಂದ್ರರ ಹೆಂಡತಿ ಸುಗಂಧಾ, ಎದುರು ಮನೆಯಿಂದ, ರೊಟ್ಟಿ ಆರುತ್ತಿದೆ ಎಂದು ಹೇಳಿಕಳಿಸಿದರು. ಅದು ಸಣ್ಣ ಬೆದರಿಕೆ. ಧರಣೇಂದ್ರರು ಉತ್ತರಿಸಲಿಲ್ಲ.

ಭಾವುಸಾಹೇಬರು ಕೋ ಮುಟ್ಟದೆ, ಒಂಬತ್ತು ಕಲ್ಲಿನಿಂದ ಎಡಕ್ಕೆ ಒಂದು ಹೆಜ್ಜೆ ಚಾಚಿದರು. ಆ ಒಂದೇ ಕಲ್ಲು ಒಂಬತ್ತಕ್ಕೆ ಉಸಿರು ಕೊಟ್ಟು, ಎಂಟರ ಕುತ್ತಿಗೆಗೂ ಬಂತು. ಬಿಟ್ಟರೆ ಎಂಟೂ ಹೋಗಿ, ಒಂಬತ್ತೂ ನೆಮ್ಮದಿಯಾಗಿ ಬದುಕುತ್ತಿದ್ದವು. ಧರಣೇಂದ್ರರು ಕಾಪಾಡಿಕೊಳ್ಳಲೇಬೇಕಾಯಿತು. ಅವರು ಕಾಪಾಡಿಕೊಂಡದ್ದರಿಂದ ಭಾವುಸಾಹೇಬರ ಒಂದು ಬೆದರಿಕೆ ಸುಟ್ಟುಹೋಯಿತು, ನಿಜ. ಆದರೆ ಒಂಬತ್ತಕ್ಕೆ ಉಸಿರು ಸಿಕ್ಕಿದ್ದರಿಂದ ಧರಣೇಂದ್ರರದು ಎರಡು ಹೋದವು. ಈಗ ಎರಡಕ್ಕೆ ಎರಡು. ಮೊದಲು ಎತ್ತಿದವರು ಸಮದಲ್ಲೂ ಗೆಲ್ಲುತ್ತಾರೆ.

“ಇವತ್ತ ನೀವು ಭಾವುಸಾಹೇಬರೇ ಹೌದೇನ್ರಿ?” ಎಂದರು ಧರಣೇಂದ್ರ.

ಭಾವುಸಾಹೇಬರು ಈಗ ಕೋ ಎತ್ತಿದರು. ಧರಣೇಂದ್ರರು ಒಂಬತ್ತನ್ನು ಬೆದರಿಸಿದರು, ಭಾವುಸಾಹೇಬರು ಉತ್ತರಿಸಿದರು, ಕೋ ತಿರುಗಿ ಹೋಯಿತು. ಇವರು ಎಂಟನ್ನು ಬೆದರಿಸಿದರು, ಅವರು ಉತ್ತರಿಸಿದರು, ಕೋ ಬಂತು. ಮತ್ತೊಮ್ಮೆ ಅದೇ ರೀತಿ. ಈ ನಡುವೆ ಸುಗಂಧಾರಿಂದ ಎರಡನೆಯ ಸುದ್ದಿ ಬಂತು: ಇನ್ನು ಬರದಿದ್ದರೆ ರೊಟ್ಟಿ ಎಮ್ಮೆಗೆ. ಅದಕ್ಕೂ ಉತ್ತರವಿಲ್ಲ. ಕೋ ಭಾವುಸಾಹೇಬರ ಕೈಯಲ್ಲಿತ್ತು, ಧರಣೇಂದ್ರರ ಲೆಕ್ಕದ ಬೆದರಿಕೆಗಳು ಮುಗಿದಿದ್ದವು. ಸೂರ್ಯ ಬೋದಿನ ಅಂಚಿಗೆ ಬಂದಿದ್ದ.

ಧರಣೇಂದ್ರರು ಕಣ್ಣು ಮುಚ್ಚಿ ತೆರೆದು, ಯಾರೂ ಎಣಿಸಿರದ ಒಂದು ಸಂದಿಯಲ್ಲಿ, ಒಂಬತ್ತರ ನಡುವೆ ಬಿಳಿ ಕಲ್ಲು ಇಟ್ಟರು. ಅಲ್ಲಿ ಇನ್ನೊಂದು ಕಲ್ಲು ಬಿದ್ದರೆ ಒಂಬತ್ತೂ ಮುಗಿದಂತೆ. ಭಾವುಸಾಹೇಬರ ಕೈ ತಾನಾಗಿಯೇ ಅತ್ತ ಹೋಯಿತು. ಏಳು ವರ್ಷ ಹೋಗಿದ್ದ ದಾರಿ ಅದು. ಉತ್ತರಿಸಿದರೆ ಅವರು ಕೋ ಎತ್ತುತ್ತಾರೆ, ತಮ್ಮ ಹತ್ತಿರ ಬೆದರಿಕೆ ಉಳಿದಿಲ್ಲ, ಮೂಲೆ ಹೋಗುತ್ತದೆ. ಒಂಬತ್ತು ಹೋದರೆ, ಕಲ್ಲೂ ಅವು ನಿಂತ ಜಾಗವೂ ಸೇರಿ, ಇಪ್ಪತ್ತು ಮನೆ ಚಿಲ್ಲರೆ. ಮೂಲೆ ಮೂವತ್ತು.

ಲೆಕ್ಕ ಸ್ಪಷ್ಟವಿತ್ತು, ಆದರೂ ಕಣ್ಣಲ್ಲಿ ನೀರು ಬಂತು. ಒಂಬತ್ತು ಜೀವ. ಅವುಗಳನ್ನು ಬೆಳಿಗ್ಗೆಯಿಂದ ತಾವೇ ಕೈ ಹಿಡಿದು ನಡೆಸಿಕೊಂಡು ಬಂದಿದ್ದರು.

“ತಪ್ಪಾತು, ಮಾಫ್ ಮಾಡ್ರಿ,” ಎಂದು ಕಲ್ಲಿಗೇ ಹೇಳಿ, ಕೋ ಮುಚ್ಚಿಬಿಟ್ಟರು.

ಧರಣೇಂದ್ರರು ಒಂಬತ್ತನ್ನು ಮುಗಿಸಿದರು. ಆಮೇಲೆ ಹಲಗೆಯನ್ನು ಎರಡು ಸಲ ಎಣಿಸಿ, ಏನು ಮಾಡಿದರೂ ಐದಾರು ಮನೆ ಕಡಿಮೆ ಎಂದು, ಹೊತ್ತು ಮುಳುಗಲು ಕೂದಲೆಳೆ ಇರುವಾಗ, ಸೋಲೊಪ್ಪಿದರು. ಇಬ್ಬರೂ ಎದ್ದು ತಂತಮ್ಮ ಮನೆಗೆ ಓಡಿದರು. ಸೂರ್ಯ ಅವರಿಗಿಂತ ಮೊದಲು ಮನೆ ಸೇರಿದ್ದ. ಗೆದ್ದವರೂ ಸೋತವರೂ ಉಪವಾಸ ಮಲಗಿದರು, ಎಮ್ಮೆ ಉಂಡಿತು.

ಸೋಮವಾರ ಟ್ರಕ್ಕು ಹೋದ ಮೇಲೆ ಭಾವುಸಾಹೇಬರು, ಧರಣೇಂದ್ರರು ಬೆಳಿಗ್ಗೆ ತಾವೇ ಜೋಡಿಸಿಟ್ಟು ಹೋಗಿದ್ದ ಹಲಗೆಯ ಮುಂದೆ ಕುಳಿತರು. ಗೆದ್ದಿದ್ದೇನೆ ಎಂದು ಖುಷಿಪಡಲು ಹೋದರೆ, ಎದುರಿನ ಚಾಪೆ ಖಾಲಿ. ಹಲಗೆ ಉಳಿಸಿಕೊಳ್ಳುವ ಭರದಲ್ಲಿ, ಆಡುವವನು ಹೋಗುತ್ತಾನೆ ಎಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸೋತಿದ್ದರೆ ಹಲಗೆಯ ನೆಪ ಹೇಳಿಕೊಂಡಾದರೂ ಅಥಣಿಗೆ ಹೋಗಬಹುದಿತ್ತು. ತಮ್ಮ ಬುದ್ಧಿಗೆ ತಾವೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು ಅನ್ನಿಸಿತು.

ಕರಿ ಕಲ್ಲಿನ ಡಬ್ಬಿ ತೆರೆದರು, ತುಂಬಿತ್ತು. ಬಿಳಿ ಕಲ್ಲಿನ ಡಬ್ಬಿ ತೆರೆದರೆ ಒಳಗೆ ಒಂದು ಕಲ್ಲೂ ಇಲ್ಲ, ಒಂದು ಚೀಟಿ: “ಪೈಜು ಹಲಗಿದು, ಕಲ್ಲಿಂದಲ್ಲ. ಬಿಳಿ ಕಲ್ಲು ನನ್ನ ಕಡೆ ಅದಾವ. ನಿಮ್ಮ ಸರದಿ.”

ಹೆಂಡತಿ ಮಂಗಲ ಚೀಟಿ ಓದಿ, ಬಿಳಿ ಕಲ್ಲಿನ ಬದಲು ಅವರೆಕಾಳು ಇಟ್ಟು ಆಡಬಹುದಲ್ಲ, ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡುತ್ತೀರಿ ಎಂದರು. ಭಾವುಸಾಹೇಬರು ಚೀಟಿಯನ್ನು ತಿರುವಿ ಮುರುವಿ ನೋಡಿದರು. ನಿನ್ನೆ ಒಂಬತ್ತು ಜೀವ ಬಿಟ್ಟು ಬಂದ ಮನುಷ್ಯ, ಈ ಬೆದರಿಕೆಯನ್ನೂ ಬಿಡಬಹುದೇ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು.

“ಇದಕ್ಕ ಉತ್ತರ ಕೊಡಾಕಬೇಕು, ಮಂಗಲ,” ಎಂದರು. “ಇದು ಮೂಲಿಗಿಂತ ದೊಡ್ಡದೈತಿ.”

ಭಾನುವಾರ ಮುಂಜಾನೆ ಅಥಣಿ ಬಸ್ಸಿನಲ್ಲಿ ಕಂಡಕ್ಟರನು ಹಲಗೆಗೂ ಅರ್ಧ ಟಿಕೆಟ್ ಹರಿದ. ಭಾವುಸಾಹೇಬರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕರಿ ಕಲ್ಲಿನ ಡಬ್ಬಿಯನ್ನೂ ಸುಗಂಧಾರಿಗೆಂದು ಮಂಗಲ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನೂ ಅದರ ಮೇಲೆ ಹಿಡಿದು, ಚಿಕ್ಕೋಡಿ ದಾಟುವವರೆಗೂ ತಾವೊಬ್ಬರೇ ನಗುತ್ತ ಕುಳಿತಿದ್ದರು.