ಗಿಳಿಹಸಿರು ದುಪಟ್ಟಾ

ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಮೊಡವೆ ಅಳಿಸುವುದು, ಬೊಜ್ಜು ಕರಗಿಸುವುದು, ಮುಚ್ಚಿದ ಕಣ್ಣು ತೆರೆಸುವುದು, ಊಟಕ್ಕೆ ಕೂತವರ ಬಾಯಿಂದ ತುತ್ತು ತೆಗೆಯುವುದು, ಎಲ್ಲ ಅವಳದೇ. ಇಪ್ಪತ್ತು ವರ್ಷದಿಂದ ಜನರ ಮುಖಗಳನ್ನು ಅಷ್ಟು ಹತ್ತಿರದಿಂದ ನೋಡಿದವಳಿಗೆ ಇನ್ನು ಯಾವುದಕ್ಕೂ ಹೇಸಿಗೆಯಾಗಲಾರದು ಎಂದು ಸ್ಟುಡಿಯೋದ ಯಜಮಾನ ನಗುತ್ತಿದ್ದ. ಅವಳೂ ಹಾಗೇ ಅಂದುಕೊಂಡಿದ್ದಳು.

ಆವತ್ತು ಮಧ್ಯಾಹ್ನ ಒಬ್ಬ ಹೆಂಗಸು ಚಪ್ಪಲಿ ಬಿಡದೆ ಸೀದಾ ಒಳಕೋಣೆಗೇ ಬಂದಳು. ಕೊರಳಲ್ಲಿ ಮೂರೆಳೆ ಮುತ್ತಿನ ಸರ, ಮೈಗೆ ಸುರಿದುಕೊಂಡ ಅತ್ತರು. ತಿಂಗಳ ಹಿಂದೆ ಇವಳ ಮಗನ ಮದುವೆಯ ಫೋಟೋ ತೆಗೆದದ್ದು ಈ ಸ್ಟುಡಿಯೋದವರೇ. ಆಲ್ಬಮ್ ಇನ್ನೂ ಅಚ್ಚಿಗೆ ಹೋಗಿರಲಿಲ್ಲ.

"ಅಕ್ಕ, ಒಂದು ಸಣ್ಣ ಕೆಲಸ. ನನ್ನ ಸೊಸೆ ಹೊದ್ದಿದ್ದಾಳಲ್ಲ ದುಪಟ್ಟಾ, ಆ ಗಿಳಿಹಸಿರು ನಮ್ಮ ಮನೆಯವರ ಕಣ್ಣಿಗೆ ಹಿಡಿಸಲಿಲ್ಲ. ಎಲ್ಲಾ ಫೋಟೋದಲ್ಲೂ ಕಡುಗೆಂಪು ಮಾಡಿಬಿಡಿ."

"ಎಲ್ಲಾದ್ರಲ್ಲೂ ಅಂದ್ರೆ ನಲವತ್ತೆಂಟು ಫೋಟೋ ಅಮ್ಮ."

"ಮಾಡಿ. ಆದ್ರೆ ಕಸೂತಿ ಒಂದೆಳೆ ಅಲ್ಲಾಡಬಾರ್ದು. ಜರಿ ಜಗಜಗ ಅನ್ನಬೇಕು. ಅಂಥಾ ಕೈಕೆಲಸ ಈಗ ಎಲ್ಲಿ ಸಿಗುತ್ತೆ ಹೇಳಿ? ನಾಲ್ಕು ಜನ ನೋಡಿ ಹೊಟ್ಟೆ ಉರ್ಕೋಬೇಕು." ಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಮೇಜಿನ ಮೇಲೆ ಹಾಕಿದಳು. "ಇಗೋ, ಬಣ್ಣಕ್ಕೆ ಮಾದರಿ. ಇದೇ ಬರಬೇಕು. ಹೊರಗೆ ಯಾರಿಗೂ ತೋರಿಸಬೇಡಿ, ದೃಷ್ಟಿ."

ಅವಳು ಹೋದ ಮೇಲೂ ಅತ್ತರಿನ ವಾಸನೆ ಬಾಗಿಲ ಪರದೆಗೆ ಅಂಟಿಕೊಂಡೇ ಇತ್ತು. ಬಣ್ಣದಕ್ಕ ಪೊಟ್ಟಣ ಬಿಚ್ಚಿದಳು. ಒಂದು ಇಡೀ ದುಪಟ್ಟಾ. ಅದ್ದಿ ತೆಗೆದ ಹಸಿ ಬಣ್ಣದ ಕಮಟು ಗಪ್ಪೆಂದು ಮೂಗಿಗೆ ಹೊಡೆಯಿತು. ಮೈತುಂಬ ಕಸೂತಿಯೇನೋ ಇತ್ತು. ಆದರೆ ಜರಿ ತುಕ್ಕು ಹಿಡಿದಂತೆ ಮಂಕಾಗಿ, ಬಣ್ಣ ನೂಲಿನ ಸಂದಿಗಳಲ್ಲಿ ಒಣಗಿದ ರಕ್ತದಂತೆ ಕಟ್ಟಿಕೊಂಡಿತ್ತು. ಬೆರಳು ನೋಡಿದರೆ ಬೆರಳೂ ಕೆಂಪು. ಅಗ್ಗದ ಬಣ್ಣಗಾರನ ಕೆಲಸ. ಮದುವೆಯ ದುಪಟ್ಟಾ ಒಂದು, ಈ ಮಾದರಿ ಇನ್ನೊಂದು ಎಂದುಕೊಂಡು ಅವಳು ಸೆರಗಿಗೆ ಕೈ ಒರೆಸಿ ಕೆಲಸಕ್ಕೆ ಕೂತಳು.

ಇಂಥ ಕೆಲಸದಲ್ಲಿ ಸುಮ್ಮನೆ ಬಣ್ಣ ಬಳಿದರೆ ಬಟ್ಟೆ ಮೇಣದ ಹಾಳೆಯಾಗುತ್ತದೆ. ಬಣ್ಣಕ್ಕೆಂದೇ ಬೇರೆ ಪದರ ಹಾಕಿ, ಕೆಳಗಿನ ನೆರಳು ಬೆಳಕನ್ನು ಹಾಗೇ ಉಳಿಸಿಕೊಳ್ಳಬೇಕು. ಗಿಳಿಹಸಿರು ತಿಳಿ, ಕಡುಗೆಂಪು ಗಾಢ. ಬಣ್ಣ ಬದಲಾಯಿಸಿದರಷ್ಟೇ ಸಾಲದು, ಬಟ್ಟೆಯ ಬೆಳಕನ್ನೂ ತಗ್ಗಿಸಬೇಕು. ತಗ್ಗಿಸುವಾಗ ಮಡಿಕೆಯ ಏಣಿನ ಮೇಲಿನ ಬಿಳಿ ಹೊಳಪನ್ನು ಮುಟ್ಟಬಾರದು. ಅದಕ್ಕೂ ಕೆಂಪು ಹತ್ತಿದರೆ ರೇಷ್ಮೆ ಸತ್ತಂತೆಯೇ. ಎಲ್ಲಕ್ಕಿಂತ ತಲೆನೋವು ಜರಿಯದು. ಬಂಗಾರದ ಹಳದಿಗೂ ಗಿಳಿಹಸಿರಿಗೂ ನೆಂಟಸ್ತಿಕೆ ಹತ್ತಿರ. ಹಸಿರನ್ನೆಲ್ಲ ಆರಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಅರ್ಧ ಜರಿಯನ್ನೂ ಬಾಚಿಕೊಳ್ಳುತ್ತದೆ. ಹಾಗಾಗಿ ಎಳೆ ಎಳೆಯನ್ನೂ ಕೈಯಿಂದಲೇ ಬಿಡಿಸಬೇಕು.

ಎರಡು ದಿನ ಅವಳು ಬಿಡಿಸಿದ್ದು ಅದನ್ನೇ, ಮದುಮಗಳು ಒಬ್ಬಳೇ ನಿಂತ ದೊಡ್ಡ ಫೋಟೋದಲ್ಲಿ. ಬಳ್ಳಿ, ಹಕ್ಕಿ, ಎಲೆ, ಮತ್ತೆ ಬಳ್ಳಿ. ದುಪಟ್ಟಾ ಕೆಂಪಾದ ಮೇಲೂ ಮದುಮಗಳ ಗಲ್ಲದ ಕೆಳಗೆ ಬಟ್ಟೆಯ ಹಸಿರು ಬಿಂಬ ಉಳಿದಿತ್ತು. ಅದನ್ನೂ ಒರೆಸಿ ಮೈಬಣ್ಣಕ್ಕೆ ತಂದಳು. ಕುತ್ತಿಗೆಗೆ ತಾಗುವ ಅಂಚನ್ನು ಹಿಗ್ಗಿಸಿ ನೋಡಿದಾಗ ಅಲ್ಲೊಂದು ಹಳೆಯ ಕಲೆ ಕಂಡಿತು. ಮುಖದ ಲೇಪ ಬೆವರಿಗೆ ಇಳಿದು ನೂಲಿನಲ್ಲಿ ಇಂಗಿದ್ದು. ಈ ಹುಡುಗಿ ಗೋಧಿಬಣ್ಣದವಳು. ಕಲೆ ಅವಳ ಲೇಪಕ್ಕಿಂತ ಬಹಳ ಕಪ್ಪು.

"ಯಾರೋ ಹೊದ್ದು ಬಿಟ್ಟದ್ದು," ಎಂದು ಅವಳು ಗೊಣಗಿದಳು.

ಮೂರನೆಯ ದಿನ ಮೂಲೆಯ ಎಲೆಗಳಿಗೆ ಬಂದಳು. ಎಲ್ಲ ಎಲೆ ಬಂಗಾರದ್ದು, ಕೊನೆಯ ನಾಲ್ಕು ಮಾತ್ರ ಬೆಳ್ಳಿಯವು. ಅವಳ ಕೈ ನಿಂತುಹೋಯಿತು. ಎಷ್ಟೋ ಮದುಮಕ್ಕಳ ಬಟ್ಟೆಗಳ ನಡುವೆ ಬಳ್ಳಿ, ಹಕ್ಕಿ ನೆನಪಿಗೆ ಬಂದಿರಲಿಲ್ಲ, ಆದರೆ ಈ ನಾಲ್ಕು ಎಲೆಗಳನ್ನು ಅವಳು ಮೊದಲೇ ನೋಡಿದ್ದಳು. ನೋಡಿದ್ದಷ್ಟೇ ಅಲ್ಲ, ಅವುಗಳ ಸಲುವಾಗಿ ಜಗಳವನ್ನೇ ಕೇಳಿದ್ದಳು.

ನಾಲ್ಕು ವರ್ಷದ ಹಿಂದೆ ಇದೇ ಮುತ್ತಿನ ಸರದಮ್ಮ, ಇದೇ ಮಗನ ಮೊದಲ ಮದುವೆ. ಆಗಿನ ಸೊಸೆ ಕಪ್ಪಗೆ ಲಕ್ಷಣವಾಗಿದ್ದ ಹುಡುಗಿ. "ಆ ಬೆಳ್ಳಿ ಎಲೆ ಬಂಗಾರ ಮಾಡಿ, ಬಡತನ ಕಾಣುತ್ತೆ" ಎಂದು ಅತ್ತೆ. "ಬೇಡ ಅಕ್ಕ, ನಮ್ಮಜ್ಜಿ ಕೈದು. ಬಂಗಾರದ ನೂಲು ಮುಗಿದುಹೋಯ್ತು, ಕಣ್ಣೂ ಮುಗಿದುಹೋಯ್ತು, ಆದ್ರೂ ಬಿಡದೆ ಮುಗಿಸಿದ್ಲು" ಎಂದು ಆ ಹುಡುಗಿ. ಮದುವೆ ಮುರಿದು, ಆಕೆ ಎರಡು ತಿಂಗಳ ಹಿಂದೆ ಒಬ್ಬಳೇ ಬಂದು ತನ್ನ ಫೋಟೋಗಳ ಪ್ರತಿ ಕೇಳಿದ್ದಳು. "ನನ್ನ ಸಾಮಾನು ಅವರ ಹತ್ರ ಒಂದೂ ಇಲ್ಲ, ಎಲ್ಲಾ ನಾನೇ ತಗೊಂಡು ಹೋದೆ ಅಂತಾರೆ ಅಕ್ಕ. ವಕೀಲರಿಗೆ ತೋರಿಸಬೇಕು. ಮಿಕ್ಕಿದ್ದು ಹಾಳಾಗಿ ಹೋಗ್ಲಿ, ಅಜ್ಜಿ ದುಪಟ್ಟಾ ಒಂದು ಸಿಕ್ರೆ ಸಾಕು" ಎಂದಿದ್ದಳು.

ಬಣ್ಣದಕ್ಕ ಹಳೆಯ ಡಿಸ್ಕು ತೆಗೆದು ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟಳು. ಅದೇ ಬಳ್ಳಿ, ಅದೇ ಹಕ್ಕಿ, ಅದೇ ನಾಲ್ಕು ಎಲೆ. ಆಮೇಲೆ ಪೊಟ್ಟಣದ ದುಪಟ್ಟಾವನ್ನು ಮೇಜಿನ ಮೇಲೆ ಹರಡಿ ಮೂಲೆ ಹುಡುಕಿದಳು. ನಾಲ್ಕು ಎಲೆ ಅಲ್ಲೂ ಇದ್ದವು, ಕೆಂಪಲ್ಲಿ ಮುಳುಗಿ ಬೂದಿಯಂತಾಗಿ. ಮಾದರಿ ಬೇರೆ ಬಟ್ಟೆಯಲ್ಲ. ಇದೇ ಅದು.

ಒಬ್ಬಳ ಅಜ್ಜಿಯ ಕಣ್ಣು ಹೋದ ಕೆಲಸವನ್ನು ಬಚ್ಚಿಟ್ಟುಕೊಂಡು, ಒಗೆಸುವ ಗೋಜಿಗೂ ಹೋಗದೆ, ಇನ್ನೊಬ್ಬಳ ಮೈಮೇಲೆ ಹೊದಿಸಿ ಮದುವೆ ಮಾಡಿದ್ದಾರೆ. ಕೇಳುವವರು ಹುಟ್ಟಿಕೊಂಡಾಗ ಬಟ್ಟೆಯನ್ನು ಬಣ್ಣದ ಹಂಡೆಗೆ ಅದ್ದಿದ್ದಾರೆ. ಈಗ ಫೋಟೋವನ್ನೂ ಅದ್ದಲು ತನ್ನ ಕೈಗೆ ಕೊಟ್ಟಿದ್ದಾರೆ. ಅದೂ ಕಸೂತಿಯ ಹೊಳಪು ಮಾತ್ರ ಬಿಡಲಾರದೆ! ಕದ್ದ ಹಾಲಿನ ಕೆನೆಯನ್ನು ಮೀಸೆಗೆ ಹಚ್ಚಿಕೊಂಡು ತಿರುಗುವ ಜಾತಿ.

ವಿಷಯ ಕೇಳಿ ಯಜಮಾನ ತಲೆ ಕೆರೆದುಕೊಂಡ. "ನಮಗ್ಯಾಕೆ ಅಕ್ಕ ಊರ ಉಸಾಬರಿ? ಹೇಳಿದ ಬಣ್ಣ ಹಾಕಿ ಕೈ ತೊಳ್ಕೊಳ್ಳೋಣ."

"ಮೂರು ದಿನದಿಂದ ಕೈ ತೊಳೀತಾನೇ ಇದೀನಿ ಅಣ್ಣ, ಹೋಗ್ತಿಲ್ಲ," ಎಂದು ಅವಳು ಕೆಂಪು ಉಗುರು ತೋರಿಸಿದಳು.

ಮರುದಿನ ಮುತ್ತಿನ ಸರದಮ್ಮ ಕೆಲಸ ನೋಡಲು ಬಂದಳು. ಜೊತೆಗೆ ಹೊಸ ಸೊಸೆ. ಪರದೆಯ ಮೇಲೆ ಕಡುಗೆಂಪು ದುಪಟ್ಟಾ ನಿಜಕ್ಕೂ ರೇಷ್ಮೆಯಂತೆ ಹೊಳೆಯಿತು. ಹಕ್ಕಿಯ ರೆಕ್ಕೆಯ ಒಂದೊಂದು ಎಳೆಯೂ ಎಣಿಸುವಂತಿತ್ತು.

"ಅಬ್ಬಾ, ಏನು ಕೈ ಅಕ್ಕ ನಿಮ್ದು!" ಎಂದಳು ಅತ್ತೆ. "ನೋಡೇ, ರಾಣಿ ಥರ ಕಾಣ್ತೀಯ."

ಸೊಸೆಯ ಕಣ್ಣು ಪರದೆಯ ಮೇಲಿರಲಿಲ್ಲ, ಮೇಜಿನ ಮೇಲಿತ್ತು. "ಅತ್ತೆ, ಇದು ನನ್ನ ದುಪಟ್ಟಾ ಅಲ್ವಾ? ಒಗೆಯೋಕೆ ಕೊಟ್ಟಿದ್ದೀನಿ ಅಂದ್ರಿ. ಇದೇನು ಹೀಗಾಗಿದೆ?"

"ಕಲೆ ಬಿದ್ದಿತ್ತು ಕಣೇ, ಬಣ್ಣ ಹಾಕಿಸ್ದೆ. ನಿನಗೆ ಅಂತಾನೇ ಹೇಳಿ ಮಾಡಿಸಿದ್ದು, ಎಸೆಯೋಕಾಗುತ್ತಾ?"

ಬಣ್ಣದಕ್ಕ ಒಂದು ಗುಂಡಿ ಒತ್ತಿದಳು. ಪರದೆಯಲ್ಲಿ ಕೆಂಪು ಮಾಯವಾಗಿ ಗಿಳಿಹಸಿರು ಮರಳಿತು. ಇನ್ನೊಂದು ಒತ್ತಿದಳು. ಪಕ್ಕದಲ್ಲಿ ನಾಲ್ಕು ವರ್ಷದ ಹಿಂದಿನ ಮದುಮಗಳು ಅದನ್ನೇ ಹೊದ್ದು ನಿಂತಳು.

"ಹೇಳಿ ಮಾಡಿಸಿದ್ದು ಹೌದಮ್ಮ," ಎಂದಳು ಹಳೆಯ ಫೋಟೋದ ಕಡೆ ಬೆರಳು ಮಾಡಿ. "ಈಕೆಯ ಅಜ್ಜಿ ಮಾಡಿದ್ದು, ಈಕೆಗೆ."

ಅತ್ತೆ ಬಣ್ಣದಕ್ಕನ ಮೇಲೆ ಹರಿಹಾಯ್ದಳು.

"ಬಣ್ಣ ಹಾಕು ಅಂದ್ರೆ ಬಣ್ಣ ಹಾಕ್ಬೇಕು! ಅವರಿವರ ಮನೆ ಗಡಿಗೆ ಮುಚ್ಚಳ ತೆಗೆಯೋ ಕೆಲಸ ನಿನಗ್ಯಾರು ಕೊಟ್ರು? ಅವಳು ಬಿಟ್ಟೋಡಿದವಳು. ಬಿಟ್ಟಿದ್ದು ಬಿದ್ದಿತ್ತು, ಬಳಸಿದ್ವಿ. ಅದರಲ್ಲೇನು ತಪ್ಪು?"

"ತಪ್ಪಿಲ್ಲ ಅಂದ್ಮೇಲೆ ಬಣ್ಣ ಯಾಕೆ ಬದಲಾಯಿಸ್ತೀರಿ?"

"ವಕೀಲನ ಕಾಗದ ಬಂದಿದೆ, ಅದಕ್ಕೆ!" ಎಂದುಬಿಟ್ಟಳು, ಅಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

ಸೊಸೆ ಪರದೆಯ ಹತ್ತಿರ ಹೋದಳು. ಅಂಚಿನ ಕಲೆಯನ್ನು ಬೆರಳಿಟ್ಟು ತೋರಿಸಿ, "ಇದು ಅವರದಾ?" ಎಂದು ಕೇಳಿದಳು. ಬಣ್ಣದಕ್ಕ ಹೂಂ ಎಂದಳು. ಹುಡುಗಿಯ ಕೈ ತಾನಾಗಿ ಕುತ್ತಿಗೆಗೆ ಹೋಗಿ ಉಜ್ಜತೊಡಗಿತು, ಅಲ್ಲೇನೋ ಹರಿದಾಡಿದಂತೆ.

"ಆವತ್ತೇ ಬೇರೆ ಯಾರದೋ ವಾಸನೆ ಬಂತು. ಕೇಳಿದ್ರೆ ಪೆಟ್ಟಿಗೆ ವಾಸನೆ ಅಂದ್ರಿ." ಅವಳ ದನಿ ಏರಲಿಲ್ಲ. "ಅವರು ಬಿಟ್ಟುಹೋದದ್ದು ಇನ್ನೂ ಏನೇನು ನನ್ನ ಮೈಮೇಲೆ ಇದೆ ಅತ್ತೆ? ಈ ಬಳೇನಾ? ಓಲೇನಾ?"

"ಮನೆಗೆ ನಡಿ, ಹೇಳ್ತೀನಿ. ಆ ಬಟ್ಟೆ ಎತ್ಕೋ."

"ನಾನು ಮುಟ್ಟಲ್ಲ. ನೀವೂ ಮುಟ್ಟಬೇಡಿ." ಅವಳು ಮೇಜಿಗೂ ಅತ್ತೆಗೂ ನಡುವೆ ನಿಂತಳು. "ಅಕ್ಕ, ಅವರ ನಂಬರ್ ಇದ್ರೆ ಕರೆದು ಕೊಟ್ಟುಬಿಡಿ. ನನ್ನ ಫೋಟೋಗಳನ್ನ ಹಸಿರಲ್ಲೇ ಇಡಿ. ವಕೀಲರು ಕೇಳಿದ್ರೆ ಅವನ್ನೂ ಕೊಡಿ. ಹೊದ್ದವಳು ನಾನು, ನಾನೇ ಹೇಳ್ತಿದೀನಿ."

ಮುತ್ತಿನ ಸರದಮ್ಮ ಯಜಮಾನನ ಕಡೆ ತಿರುಗಿದಳು. ಅವನು ಕ್ಯಾಮೆರಾದ ಗಾಜನ್ನು ಇನ್ನಿಲ್ಲದ ಶ್ರದ್ಧೆಯಿಂದ ಒರೆಸುತ್ತಿದ್ದ. ಅವಳು ಬೈದುಕೊಂಡು ಹೊರಟಳು. ಸೊಸೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹೋಗಲು ಬೇರೆ ಮನೆಯಿಲ್ಲದವಳಂತೆ, ಅದೇ ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತಳು. ಗಾಜಿನೊಳಗೆ ಇನ್ನೂ ಕುತ್ತಿಗೆ ಉಜ್ಜುತ್ತಲೇ ಇದ್ದದ್ದು ಕಂಡಿತು.

ಬಣ್ಣದಕ್ಕ ಕೆಂಪಿನ ಪದರವನ್ನು ಅಳಿಸಿಹಾಕಿದಳು. ಮೂರು ದಿನದ ಕೆಲಸ ಒಂದು ಬೆರಳಿಗೆ ಹೋಯಿತು. ಅದಕ್ಕೆ ಅವಳಿಗೆ ಬೇಸರವಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆನಲ್ಲ ಎಂದು ತನ್ನ ಕೈ ಮೇಲೇ ಹೇಸಿಗೆಯಾಯಿತು.

ಸಂಜೆ ಮೊದಲ ಸೊಸೆ ಬಂದಳು. ಬಟ್ಟೆಯನ್ನು ನೋಡಿ ಅವಳು ಅಳಲಿಲ್ಲ. ಬಹಳ ಹೊತ್ತು ತಡವಿದಳು, ಬೆರಳೆಲ್ಲ ಕೆಂಪಾಯಿತು.

"ಈ ಬಣ್ಣ ತೆಗೆಯೋಕಾಗುತ್ತಾ ಅಕ್ಕ?"

"ಫೋಟೋದಲ್ಲಿ ಆಗಿದ್ರೆ ಆಗ್ತಿತ್ತು ಮಗಳೇ. ಬಟ್ಟೇಲಿ ನನ್ನ ಕೈಲಾಗಲ್ಲ."

ಅವಳು ತಲೆಯಾಡಿಸಿದಳು. ಬಾಗಿ ಬಟ್ಟೆಯನ್ನು ಮೂಸಿ, ಮುಖ ಸಿಂಡರಿಸಿ ಹಿಂದೆ ಸರಿದಳು. "ಅವರ ಮನೆ ಅತ್ತರು," ಎಂದಳು. ಆಮೇಲೆ ಹಳೇ ಪೇಪರು ಕೇಳಿ ಪಡೆದು, ಎದೆಗೆ ತಾಗದಂತೆ ದೂರ ಹಿಡಿದು, ಎರಡು ಸುತ್ತು ಸುತ್ತಿ, ಅಜ್ಜಿಯ ದುಪಟ್ಟಾವನ್ನು ಮನೆಗೆ ಒಯ್ದಳು.